ಕರೆಂಟ್ ಹೋದ ರಾತ್ರಿ, ಎದುರು ಮನೆಯ ಸಂದೇಶ: ಸರಸದ ದೃಶ್ಯವೊಂದನ್ನು ಬರೆಯುವ ಬಗೆ

ಸಣ್ಣಕತೆ ಬರೆಯಲು ತೊಡಗಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಕರೆಂಟ್ ಹೋಗುತ್ತದೆ; ಎದುರುಬದುರು ಮನೆಯ ಇಬ್ಬರು ಮೇಣದಬತ್ತಿಯ ಬೆಳಕಿನಲ್ಲಿ ಕುಳಿತು, ಮೊಬೈಲಿನಲ್ಲಿ ಒಬ್ಬರನ್ನೊಬ್ಬರು ಛೇಡಿಸುತ್ತ ಸಂದೇಶ ಕಳಿಸಿಕೊಳ್ಳುತ್ತಾರೆ. ಇದನ್ನು ಬರೆಯಲು ಹೊರಟರೆ ಒಂದೋ ಸಪ್ಪೆಯಾಗುತ್ತದೆ, ಇಲ್ಲವೇ ಮುಜುಗರ ಹುಟ್ಟಿಸುತ್ತದೆ. ಏನು ಮಾಡಬೇಕು ಎಂಬುದೇ ಆ ಪ್ರಶ್ನೆ. ಈ ಲೇಖನ ಅದಕ್ಕೆ ಹಂತಹಂತವಾದ ಉತ್ತರ. ಎಂಟುನೂರರಿಂದ ಸಾವಿರ ಪದಗಳ ಒಂದು ದೃಶ್ಯವನ್ನು ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ಅಡ್ಡರಸ್ತೆಯಲ್ಲಿಟ್ಟು, ಆರಂಭದಿಂದ ಕೊನೆಯವರೆಗೂ ಕಟ್ಟಿ ತೋರಿಸುತ್ತೇನೆ. ನಿಮ್ಮ ಕತೆ ಹುಬ್ಬಳ್ಳಿಯಲ್ಲೋ ಪುತ್ತೂರಿನಲ್ಲೋ ನಡೆಯುವುದಾದರೆ ಆಡುಮಾತನ್ನೂ ಮಳೆಯನ್ನೂ ಅಲ್ಲಿಯದನ್ನೇ ಬಳಸಿಕೊಳ್ಳಿ. ಉಳಿದದ್ದು ಹಾಗೆಯೇ ಅನ್ವಯಿಸುತ್ತದೆ.

ಬರೆಯಲು ಕುಳಿತುಕೊಳ್ಳುವ ಮೊದಲು ಬೇಕಾದದ್ದು ಹೆಚ್ಚೇನಿಲ್ಲ. ಒಂದು ಮೇಣದಬತ್ತಿ, ಬೆಂಕಿಪೊಟ್ಟಣ, ಗಾಜಿನ ಕಿಟಕಿಯಿರುವ ಒಂದು ಕೋಣೆ, ನಿಮ್ಮ ಮೊಬೈಲು, ಮತ್ತು ರಾತ್ರಿಯ ಅರ್ಧ ಗಂಟೆ. ಇವು ಯಾಕೆ ಬೇಕೆಂಬುದು ಮೂರನೆಯ ಹಂತದಲ್ಲಿ ತಿಳಿಯುತ್ತದೆ.

1. ಕತ್ತಲೆಗೆ ಕಾರಣ ಮತ್ತು ಅವಧಿಯನ್ನು ನಿಗದಿಮಾಡಿ

‘ಇದ್ದಕ್ಕಿದ್ದಂತೆ ಕರೆಂಟ್ ಹೋಯಿತು’ ಎಂದು ಬರೆದು ಮುಂದೆ ಸಾಗುವುದು ಸುಲಭ. ಆದರೆ ಕರೆಂಟ್ ಯಾಕೆ ಹೋಯಿತು ಎಂಬುದರ ಮೇಲೆ ಅದು ಎಷ್ಟು ಹೊತ್ತಿಗೆ ಬರುತ್ತದೆ, ಬೀದಿಯಲ್ಲಿ ಯಾರ ಮನೆಯಲ್ಲಿ ಬೆಳಕಿರುತ್ತದೆ, ಜನ ಎಲ್ಲಿ ನಿಂತಿರುತ್ತಾರೆ ಎಂಬುದೆಲ್ಲ ನಿಂತಿದೆ. ಮುಂಚೆಯೇ ತಿಳಿಸಿದ ಲೋಡ್ ಶೆಡ್ಡಿಂಗ್ ಆದರೆ ಜನ ಅದಕ್ಕೆ ಸಿದ್ಧರಾಗಿರುತ್ತಾರೆ, ಮೊಬೈಲುಗಳು ತುಂಬ ಚಾರ್ಜ್ ಆಗಿರುತ್ತವೆ, ಬರುವ ಸಮಯವೂ ಗೊತ್ತಿರುತ್ತದೆ. ಮನೆಯ ಫ್ಯೂಸ್ ಹೋದದ್ದಾದರೆ ಅದು ಒಂದೇ ಮನೆಯ ಕತ್ತಲೆ. ನಮಗೆ ಬೇಕಾದದ್ದು ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದ, ಇಡೀ ಬೀದಿಯದಾದ ಕತ್ತಲೆ.

ಆದ್ದರಿಂದ ನಮ್ಮ ದೃಶ್ಯವನ್ನು ಮೇ ತಿಂಗಳ ಮೊದಲ ವಾರದಲ್ಲಿ, ಭರಣಿ ಮಳೆಯ ಸಂಜೆಯಲ್ಲಿ ಇಡೋಣ. ಈ ಕಾಲದ ಮಳೆ ಗುಡುಗು ಗಾಳಿಯೊಂದಿಗೆ ಬರುತ್ತದೆ, ಮತ್ತು ಬೀದಿಬದಿಯ ಗುಲ್‌ಮೊಹರ್ ಮರದ ಕೊಂಬೆಗಳು ಸುಲಭವಾಗಿ ಮುರಿಯುವಂಥವು. ಒಂದು ಕೊಂಬೆ ತಂತಿಯ ಮೇಲೆ ಬಿದ್ದಿದೆ. ಕರೆಂಟ್ ಹೋದದ್ದು ಎಂಟೂ ಹತ್ತಕ್ಕೆ, ಬರುವುದು ಒಂಬತ್ತೂ ಐವತ್ತಕ್ಕೆ. ಈ ಸಮಯಗಳನ್ನು ಕತೆಯಲ್ಲಿ ಹೇಳಬೇಕಾಗಿಲ್ಲ. ನಿಮ್ಮ ಟಿಪ್ಪಣಿಯಲ್ಲಿದ್ದರೆ ಸಾಕು. ಅವು ಇಲ್ಲದಿದ್ದರೆ, ಹತ್ತು ನಿಮಿಷದ ಮಾತುಕತೆಯೊಳಗೆ ಮೇಣದಬತ್ತಿ ಉರಿದು ಮುಗಿದುಹೋಗುವಂಥ ತಪ್ಪುಗಳು ನುಸುಳುತ್ತವೆ.

ಇಲ್ಲಿ ನಮಗೆ ಉಪಯೋಗಕ್ಕೆ ಬರುವ ಇನ್ನೊಂದು ಸಂಗತಿಯಿದೆ. ಬೀದಿಯ ಮನೆಗಳನ್ನು ಮೂರು ಫೇಸುಗಳಿಗೆ, ಅಂದರೆ ಕಂಬದಿಂದ ಬರುವ ಮೂರು ಬೇರೆ ಬೇರೆ ವಿದ್ಯುತ್ ತಂತಿಗಳಿಗೆ, ಹಂಚಿ ಜೋಡಿಸಿರುತ್ತಾರೆ. ಒಂದು ಫೇಸ್ ಮಾತ್ರ ಹೋದರೆ ಒಂದು ಮನೆಯಲ್ಲಿ ಕತ್ತಲೆ, ಪಕ್ಕದ ಮನೆಯಲ್ಲಿ ಟಿವಿ ನಡೆಯುತ್ತಿರುತ್ತದೆ. ಹೀಗಾಗಿ ಕರೆಂಟ್ ಹೋದೊಡನೆ ನಮ್ಮಲ್ಲಿ ಎಲ್ಲರೂ ಮಾಡುವ ಮೊದಲ ಕೆಲಸವೆಂದರೆ ಕಿಟಕಿಯಿಂದ ಹೊರಗೆ ಇಣುಕಿ ಎದುರು ಮನೆಯಲ್ಲಿ ಇದೆಯೇ ಎಂದು ನೋಡುವುದು. ನಿಮ್ಮ ಪಾತ್ರವನ್ನು ಕಿಟಕಿಯ ಬಳಿಗೆ ತರಲು ಇದಕ್ಕಿಂತ ಸಹಜವಾದ ಕಾರಣ ಬೇಕಿಲ್ಲ.

2. ಮಾತಾಡುವ ಬದಲು ಸಂದೇಶವೇ ಯಾಕೆ ಎಂಬುದಕ್ಕೆ ಉತ್ತರ ಇಟ್ಟುಕೊಳ್ಳಿ

ಎದುರುಬದುರು ಮನೆಯವರು ಕಿಟಕಿಯಿಂದಲೇ ಕೂಗಿ ಮಾತಾಡಬಹುದು. ಅವರು ಹಾಗೆ ಮಾಡದಿರಲು ಕಾರಣವಿರಬೇಕು, ಮತ್ತು ಆ ಕಾರಣವನ್ನು ಓದುಗನೇ ಕಂಡುಕೊಳ್ಳುವಂತಿರಬೇಕು. ನಮ್ಮ ದೃಶ್ಯದಲ್ಲಿ ವಸುಧಾ ಮೂವತ್ತಮೂರು ವರ್ಷದವಳು, ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ, ಎದುರಿನ ಮಹಡಿ ಮನೆಯಲ್ಲಿ ಬಾಡಿಗೆಗಿದ್ದಾಳೆ. ಶ್ರೀಧರನಿಗೆ ಮೂವತ್ತಾರು, ಔಷಧಿ ಅಂಗಡಿ ಇಟ್ಟಿದ್ದಾನೆ, ತಾಯಿಯೊಂದಿಗೆ ಇದ್ದಾನೆ. ತಾಯಿ ಬೇಗ ಮಲಗಿದ್ದಾರೆ. ಕೆಳಗೆ ಬೀದಿಯಲ್ಲಿ ಮೂರು ನಾಲ್ಕು ಜನ ಗೇಟಿಗೆ ಒರಗಿ ನಿಂತು, 1912ಕ್ಕೆ ಯಾರು ಕರೆಮಾಡಿದರು ಎಂದು ವಿಚಾರಿಸಿಕೊಳ್ಳುತ್ತಿದ್ದಾರೆ. ಇಷ್ಟು ಇದ್ದರೆ ಸಂದೇಶ ಅನಿವಾರ್ಯವಾಗುತ್ತದೆ.

ಮುಂದಿನದು, ನಂಬರ್ ಹೇಗೆ ಸಿಕ್ಕಿತು ಎಂಬುದು. ಹೊಸಬರು ಎಡವುವ ದೊಡ್ಡ ಜಾಗ ಇದು. ಬಡಾವಣೆಯ ವಾಟ್ಸಾಪ್ ಗುಂಪಿನಿಂದ ಒಬ್ಬ ಗಂಡಸು ಒಂಟಿಯಾಗಿರುವ ಹೆಂಗಸಿನ ನಂಬರ್ ಎತ್ತಿಕೊಂಡು ಕತ್ತಲೆಯಲ್ಲಿ ಸಂದೇಶ ಕಳಿಸಿದರೆ, ಅವನ ಮಾತು ಎಷ್ಟೇ ಚೆನ್ನಾಗಿದ್ದರೂ ಓದುವ ಹೆಣ್ಣುಮಕ್ಕಳಿಗೆ ಅಲ್ಲಿ ಸರಸ ಕಾಣುವುದಿಲ್ಲ, ಭಯ ಕಾಣುತ್ತದೆ. ಆ ಭಯ ನ್ಯಾಯವಾದದ್ದು. ಆದ್ದರಿಂದ ಇಬ್ಬರ ನಡುವೆ ಹಿಂದೆ ಒಂದು ಸಾಮಾನ್ಯ ಕೊಡುಕೊಳ್ಳುವಿಕೆ ನಡೆದಿರಲಿ. ಕೊರಿಯರ್ ಹುಡುಗ ವಸುಧಾಳ ಪಾರ್ಸೆಲನ್ನು ಎದುರು ಮನೆಯಲ್ಲಿ ಕೊಟ್ಟುಹೋಗಿದ್ದ. ಆಗ ಅವಳೇ ತನ್ನ ನಂಬರ್ ಬರೆದುಕೊಟ್ಟಿದ್ದಳು. ಈಗ ಅವಳು ಸಂದೇಶಗಳ ಪುಟ ತೆರೆದಾಗ ಮೇಲುಗಡೆ ಎರಡು ತಿಂಗಳ ಹಿಂದಿನ ಎರಡೇ ಸಾಲುಗಳಿವೆ: ‘ನಿಮ್ಮ ಪಾರ್ಸೆಲ್ ಅಮ್ಮನ ಹತ್ತಿರ ಇದೆ.’ ‘ತಗೊಂಡೆ, ಥ್ಯಾಂಕ್ಸ್.’ ಇವರ ಪರಿಚಯದ ಒಟ್ಟು ಉದ್ದವನ್ನು ಆ ಎರಡು ಸಾಲು ಹೇಳಿಬಿಡುತ್ತವೆ. ಹಿಂದಿನ ಕತೆಯನ್ನು ಒಂದು ಪ್ಯಾರಾ ವಿವರಿಸುವ ಶ್ರಮ ನಿಮಗೆ ಉಳಿಯುತ್ತದೆ.

ಮೊದಲ ಸಂದೇಶ ಯಾರದು? ನನ್ನ ಸಲಹೆ, ನೀವು ಯಾರ ದೃಷ್ಟಿಕೋನದಿಂದ, ಅಂದರೆ ಯಾರ ಕಣ್ಣು ಮತ್ತು ಮನಸ್ಸಿನ ಮೂಲಕ ಬರೆಯುತ್ತಿದ್ದೀರೋ ಅವರದೇ ಆಗಿರಲಿ. ಕಳಿಸಲೋ ಬೇಡವೋ ಎಂಬ ತೊಳಲಾಟ ಆಗ ನೇರವಾಗಿ ಸಿಗುತ್ತದೆ. ಇಲ್ಲಿ ಅದು ವಸುಧಾಳದು. ಒಂದು ದೃಶ್ಯದೊಳಗೆ ದೃಷ್ಟಿಕೋನವನ್ನು ಆಚೆ ಮನೆಗೆ ಜಿಗಿಸಬೇಡಿ. ಎದುರಿನವರು ಏನು ಯೋಚಿಸುತ್ತಿದ್ದಾರೆಂದು ಗೊತ್ತಿಲ್ಲದಿರುವುದೇ ಇಲ್ಲಿನ ಸೆಳೆತ. ಎರಡೂ ಕಡೆಯ ಮನಸ್ಸನ್ನು ತೆರೆದಿಟ್ಟರೆ ಓದುಗನಿಗೆ ಊಹಿಸಲು ಏನೂ ಉಳಿಯುವುದಿಲ್ಲ.

3. ಯಾರಿಗೆ ಏನು ಕಾಣುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿ

ಈಗ ಆ ಮೇಣದಬತ್ತಿಯನ್ನು ಹಚ್ಚಿ. ತಟ್ಟೆಯ ಮೇಲೆ ಎರಡು ಹನಿ ಮೇಣ ಬೀಳಿಸಿ ಅದರಲ್ಲಿ ಬತ್ತಿಯನ್ನು ನಿಲ್ಲಿಸಿ, ಕೋಣೆಯ ಉಳಿದ ದೀಪಗಳನ್ನೆಲ್ಲ ಆರಿಸಿ, ಮುಚ್ಚಿದ ಗಾಜಿನ ಕಿಟಕಿಯ ಬಳಿ ಕುಳಿತು ಹೊರಗೆ ನೋಡಿ. ಪರದೆಗೆ ತಾಗದಂತೆ ಇಡುವುದನ್ನು ಮರೆಯಬೇಡಿ. ಹೊರಗಿನ ಕತ್ತಲೆಯ ಬದಲು ನಿಮಗೆ ಕಾಣುವುದು ಗಾಜಿನ ಮೇಲೆ ನಿಮ್ಮದೇ ಮುಖ ಮತ್ತು ನಿಮ್ಮದೇ ಜ್ವಾಲೆ. ಬೆಳಕಿರುವ ಬದಿಯಿಂದ ಗಾಜು ಕನ್ನಡಿಯಾಗುತ್ತದೆ. ಕತ್ತಲೆಯ ಬದಿಯಿಂದ ನೋಡುವವರಿಗೆ ಮಾತ್ರ ಒಳಗಿನದು ಸ್ಪಷ್ಟವಾಗಿ ತೋರುತ್ತದೆ. ಈಗ ಬತ್ತಿಯನ್ನು ಆರಿಸಿ ಸ್ವಲ್ಪ ಹೊತ್ತು ಕಾಯಿರಿ. ನಿಮ್ಮ ಮುಖ ಗಾಜಿನಿಂದ ಮಾಯವಾಗಿ, ಎದುರು ಮನೆ ತಾನಾಗಿ ಮೂಡುತ್ತದೆ.

ಈ ಒಂದು ಸಂಗತಿಯೇ ನಮ್ಮ ದೃಶ್ಯದ ತಿರುವು. ಎದುರಿನವರನ್ನು ನೋಡಬೇಕೆಂದರೆ ತನ್ನ ಬತ್ತಿಯನ್ನು ಆರಿಸಬೇಕು, ಮತ್ತು ಹಾಗೆ ಆರಿಸಿದ್ದು ಎದುರಿನವರಿಗೆ ಗೊತ್ತಾಗುತ್ತದೆ. ಬಯಕೆ ಕ್ರಿಯೆಯಾಗಿ ಹೊರಗೆ ಕಾಣಿಸಿಕೊಳ್ಳುವ ಇಂಥ ಜಾಗವನ್ನು ಹುಡುಕಿಕೊಂಡರೆ, ‘ಅವಳ ಎದೆ ಡವಡವ ಎಂದಿತು’ ಎಂಬಂಥ ವಾಕ್ಯಗಳ ಅಗತ್ಯವೇ ಬೀಳುವುದಿಲ್ಲ.

ಇನ್ನು ಮೊಬೈಲು. ಅದೂ ಒಂದು ದೀಪವೇ ಎಂಬುದನ್ನು ಬಹಳಷ್ಟು ಜನ ಮರೆತು ಬರೆಯುತ್ತಾರೆ. ಮೇಣದಬತ್ತಿಯ ಬೆಳಕು ಹಳದಿಯಾಗಿ ಅಲುಗುತ್ತದೆ. ಪರದೆಯ ಬೆಳಕು ಬಿಳುಪಾಗಿ, ಅಲುಗದೆ, ಗದ್ದದ ಕೆಳಗಿನಿಂದ ಮುಖಕ್ಕೆ ಬೀಳುತ್ತದೆ. ಬತ್ತಿ ಆರಿಸಿ ಕತ್ತಲೆಯಲ್ಲಿ ಅಡಗಿದ್ದೇನೆಂದುಕೊಂಡ ವಸುಧಾ ಒಂದು ಸಂದೇಶ ಬರೆಯತೊಡಗಿದೊಡನೆ ಅವಳ ಮುಖ ಆಚೆ ಮನೆಗೆ ಕಾಣಿಸಿಬಿಡುತ್ತದೆ. ಅದು ಅವಳಿಗೆ ತಡವಾಗಿ ಹೊಳೆದು, ಪರದೆಯ ಬೆಳಕನ್ನು ಕಡಿಮೆ ಮಾಡಲು ಅವಳು ಬೆರಳಾಡಿಸುವ ಕ್ಷಣವನ್ನು ಬಿಡಬೇಡಿ. ಅವಳು ಅದನ್ನು ಪೂರ್ತಿ ಕಡಿಮೆ ಮಾಡಿದಳೋ, ಅರ್ಧಕ್ಕೆ ನಿಲ್ಲಿಸಿದಳೋ ಎಂಬುದರಲ್ಲಿ ಅವಳ ಮನಸ್ಸಿದೆ.

ದೂರವನ್ನೂ ಲೆಕ್ಕ ಹಾಕಿಕೊಳ್ಳಿ. ಇಪ್ಪತ್ತಡಿ ಅಗಲದ ಅಡ್ಡರಸ್ತೆಯಾಚೆ ಮೇಣದಬತ್ತಿಯ ಬೆಳಕಿನಲ್ಲಿ ಮುಖದ ಆಕಾರ, ಕೈಯ ಚಲನೆ, ಕನ್ನಡಕದ ಹೊಳಪು ಕಾಣಬಹುದು. ರೆಪ್ಪೆ ನಡುಗುವುದು, ತುಟಿಯಂಚಿನ ನಗು, ಕಣ್ಣಿನ ಬಣ್ಣ ಕಾಣುವುದಿಲ್ಲ. ಅವನ್ನು ಬರೆದರೆ ಓದುಗ ನಿಮ್ಮನ್ನು ನಂಬುವುದನ್ನು ಬಿಡುತ್ತಾನೆ. ಅನುಮಾನವಿದ್ದರೆ ಮನೆಯವರೊಬ್ಬರನ್ನು ಅಷ್ಟು ದೂರದಲ್ಲಿ ಬತ್ತಿ ಹಿಡಿದು ನಿಲ್ಲಲು ಕೇಳಿಕೊಳ್ಳಿ.

4. ಸಂದೇಶದ ಭಾಷೆಯನ್ನು ಕಿವಿಯಿಂದ ಬರೆಯಿರಿ

ನಿರೂಪಣೆ ಗ್ರಾಂಥಿಕ ಕನ್ನಡದಲ್ಲಿದ್ದರೂ ಸಂದೇಶಗಳು ಆಡುಮಾತಿನಲ್ಲೇ ಇರಲಿ. ‘ನಿಮ್ಮ ಮನೆಯಲ್ಲಿಯೂ ವಿದ್ಯುತ್ ಕಡಿತವಾಗಿದೆಯೇ?’ ಎಂದು ಯಾರೂ ಟೈಪ್ ಮಾಡುವುದಿಲ್ಲ. ‘ನಿಮ್ಮನೇಲೂ ಹೋಯ್ತಾ?’ ಎಂದರೆ ಸಾಕು; ಕರೆಂಟ್ ಎಂಬ ಪದವನ್ನೂ ಹೇಳಬೇಕಾಗಿಲ್ಲ. ನಿಮ್ಮ ಪಾತ್ರಗಳು ನಿಜಜೀವನದಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವವರೇ ಇರಬಹುದು. ಕತೆಯಲ್ಲಿ ಅದನ್ನು ಹಾಗೆಯೇ ಇಳಿಸಿದರೆ ಓದು ತಡವರಿಸುತ್ತದೆ. ಕನ್ನಡ ಲಿಪಿಯಲ್ಲೇ ಬರೆಯಿರಿ. ನಗುಮುಖಗಳ ಚಿತ್ರಗಳನ್ನೂ ಬಿಟ್ಟುಬಿಡಿ. ಇದು ತಮಾಷೆ ಎಂದು ಅವು ಮೊದಲೇ ಸಾರಿಬಿಡುವುದರಿಂದ ಮಾತಿನ ಅಂಚು ಮೊಂಡಾಗುತ್ತದೆ.

ಈ ಹಂತದ ಮುಖ್ಯ ವಿಷಯ ‘ನೀವು’ ಮತ್ತು ‘ನೀನು’. ಅಷ್ಟಾಗಿ ಪರಿಚಯವಿಲ್ಲದ ನೆರೆಯವರು ‘ನೀವು’ ಎಂದೇ ಆರಂಭಿಸುತ್ತಾರೆ. ಸರಸ ಮುಂದುವರಿದಂತೆ ಅದು ಎಲ್ಲಿ ಸಡಿಲಗೊಳ್ಳುತ್ತದೆ ಎಂಬುದನ್ನು ಕನ್ನಡದ ಓದುಗ ತನಗೆ ತಿಳಿಯದೆಯೇ ಕಾಯುತ್ತಿರುತ್ತಾನೆ. ಅನೇಕ ಹಸ್ತಪ್ರತಿಗಳಲ್ಲಿ ನಾಲ್ಕನೆಯ ಸಂದೇಶಕ್ಕೇ ಇಬ್ಬರೂ ‘ನೀನು’ ಎನ್ನತೊಡಗುತ್ತಾರೆ, ಯಾರೂ ಅದನ್ನು ಗಮನಿಸುವುದೂ ಇಲ್ಲ. ದೃಶ್ಯದ ಅತಿ ದೊಡ್ಡ ಘಟನೆ ಹೀಗೆ ಸದ್ದಿಲ್ಲದೆ ವ್ಯರ್ಥವಾಗುತ್ತದೆ.

ನಮ್ಮ ಭಾಷೆಯಲ್ಲಿ ಗೌರವದ ಗುರುತು ಸರ್ವನಾಮದಲ್ಲಿ ಮಾತ್ರವಿಲ್ಲ, ಕ್ರಿಯಾಪದದ ತುದಿಯಲ್ಲಿಯೂ ಇದೆ. ‘ಬಂದ್ರಾ’ ಎಂದರೆ ಗೌರವ, ‘ಬಂದ್ಯಾ’ ಎಂದರೆ ಸಲಿಗೆ. ಆದರೆ ಗೌರವವನ್ನೂ ಸಲಿಗೆಯನ್ನೂ ತೋರದ ವಾಕ್ಯಗಳೂ ಧಾರಾಳವಾಗಿವೆ: ‘ಊಟ ಆಯ್ತಾ?’, ‘ನಿದ್ದೆ ಬರ್ತಿಲ್ವಾ?’, ‘ಮಳೆ ನಿಂತ್ರೆ ತಂದುಕೊಡಬಹುದು.’ ‘ನೀವು’ ಎನ್ನಲು ಮನಸ್ಸಿಲ್ಲದ, ‘ನೀನು’ ಎನ್ನಲು ಧೈರ್ಯವಿಲ್ಲದ ವ್ಯಕ್ತಿ ಇಂಥ ವಾಕ್ಯಗಳಲ್ಲೇ ಓಡಾಡುತ್ತಾನೆ. ಆದ್ದರಿಂದ ದೃಶ್ಯವನ್ನು ಮೂರು ಭಾಗವಾಗಿ ಕಲ್ಪಿಸಿಕೊಳ್ಳಿ: ಮೊದಲು ಸ್ಪಷ್ಟ ಬಹುವಚನ, ನಡುವೆ ಗುರುತಿಲ್ಲದ ವಾಕ್ಯಗಳು, ಕೊನೆಗೆ ಒಂದೇ ಒಂದು ಕಡೆ ಏಕವಚನ. ಆ ಒಂದು ಜಾಗ ಯಾವುದೆಂದು ಮೊದಲೇ ಆಯ್ದಿಟ್ಟುಕೊಂಡು, ಉಳಿದ ಸಂದೇಶಗಳಲ್ಲಿ ಎಲ್ಲೂ ಜಾರದಂತೆ ನೋಡಿಕೊಳ್ಳಿ.

ಉತ್ತರ ಕರ್ನಾಟಕದವರ ಮಾತಿನ ‘ರೀ’ಗೂ ಮೈಸೂರಿನವರ ‘ರೀ’ಗೂ ಬಳಕೆಯಲ್ಲಿ ವ್ಯತ್ಯಾಸವಿದೆ. ನಿಮಗೆ ಬಾಯಿಗೆ ಬರುವ ಪ್ರದೇಶದ ಮಾತನ್ನೇ ಆರಿಸಿಕೊಳ್ಳಿ.

5. ಪ್ರತಿ ಸಂದೇಶಕ್ಕೂ ಹಿಂದೆಗೆಯುವ ದಾರಿ ಇರಲಿ

ಸರಸದ ಮಾತಿನ ಗುಣ ಇಷ್ಟೆ: ಅದಕ್ಕೆ ಎರಡು ಅರ್ಥವಿರುತ್ತದೆ, ಮತ್ತು ಕೇಳಿದವರು ಒಪ್ಪದಿದ್ದರೆ ಹೇಳಿದವರು ಸಾದಾ ಅರ್ಥದೊಳಕ್ಕೆ ಮರ್ಯಾದೆಯಿಂದ ಹಿಂದಿರುಗಬಹುದು. ಮಾತಿನ ಕೆಳಗೆ ಹರಿಯುವ ಈ ಎರಡನೆಯ ಅರ್ಥವನ್ನು ವಿಮರ್ಶಕರು ಉಪಪಠ್ಯ ಎನ್ನುತ್ತಾರೆ. ಹೊಸಬರ ಕರಡಿನಲ್ಲಿ ಸಾಮಾನ್ಯವಾಗಿ ಕಾಣುವುದು ಹೀಗಿರುತ್ತದೆ:

> ‘ಈ ಕತ್ತಲೆಯಲ್ಲಿ ನಿಮ್ಮ ನೆನಪಾಯ್ತು.’
> ‘ಹೌದಾ? ನನಗೂ ನಿಮ್ಮ ನೆನಪೇ.’
> ‘ಮೇಣದಬತ್ತಿ ಬೆಳಕಲ್ಲಿ ನೀವು ತುಂಬಾ ಸುಂದರವಾಗಿ ಕಾಣ್ತೀರ.’

ಮೊದಲ ಸಾಲಿಗೇ ಎಲ್ಲ ಮುಗಿದಿದೆ. ಹಿಂದೆಗೆಯಲು ದಾರಿಯಿಲ್ಲದ್ದರಿಂದ ಮುಂದಕ್ಕೆ ಹೋಗುವುದರಲ್ಲಿ ಸಾಹಸವೂ ಇಲ್ಲ. ಮೂರನೆಯ ಸಾಲು ಯಾರು ಯಾರಿಗೆ ಬೇಕಾದರೂ ಹೇಳಬಹುದಾದ ಮಾತು. ಈಗ ಅದೇ ಪರಿಸ್ಥಿತಿಯನ್ನು ನಮ್ಮ ಇಬ್ಬರ ಕೈಗೆ ಕೊಡೋಣ. ವಸುಧಾಳಿಗೆ ಎದುರು ಕಿಟಕಿಯಲ್ಲಿ ಮೇಣದಬತ್ತಿ ಉರಿಯುತ್ತಿರುವುದು ಕಾಣುತ್ತಿದೆ ಎಂಬುದನ್ನು ನಿರೂಪಣೆ ಮೊದಲೇ ಹೇಳಿದೆ. ಆಮೇಲೆ ಅವಳು ಕಳಿಸುತ್ತಾಳೆ:

> ‘ನಿಮ್ಮನೇಲೂ ಹೋಯ್ತಾ?’
> ‘ಇಲ್ಲ, ಇದೆ. ಮೇಣದಬತ್ತಿ ಸುಮ್ನೆ ಹಚ್ಚಿದೀನಿ.’
> ‘ಯಾರ ಹುಟ್ಟುಹಬ್ಬ?’
> ‘ಇನ್ನೂ ತೀರ್ಮಾನ ಆಗಿಲ್ಲ. ಕೇಕ್ ಇಲ್ಲ, ಹಲಸಿನ ಹಪ್ಪಳ ಕರೀತಿದೀನಿ.’
> ‘ವಾಸನೆ ಈ ಕಡೇವರೆಗೂ ಬಂತು.’
> ‘ಮಳೆ ನಿಂತ್ರೆ ತಂದುಕೊಡಬಹುದು.’
> ‘ನಿಲ್ಲೋ ಹಾಗೆ ಕಾಣ್ತಿಲ್ಲ.’
> ‘ಸರಿ. ಹಾಗಾದ್ರೆ ಹಪ್ಪಳ ಡಬ್ಬಿಗೆ.’

ಕಣ್ಣೆದುರಿಗೇ ಉತ್ತರವಿರುವ ಪ್ರಶ್ನೆಯನ್ನು ಅವಳು ಕೇಳಿದ್ದಾಳೆ. ಅದನ್ನು ಅರಿತೇ ಅವನು ಸುಳ್ಳು ಹೇಳಿದ್ದಾನೆ. ಆಟ ಶುರುವಾದದ್ದು ಇಬ್ಬರಿಗೂ ತಿಳಿದಿದೆ, ಆದರೆ ಯಾರೂ ಏನೂ ಒಪ್ಪಿಕೊಂಡಿಲ್ಲ. ‘ನಿಲ್ಲೋ ಹಾಗೆ ಕಾಣ್ತಿಲ್ಲ’ ಎಂಬುದು ನಿರಾಕರಣೆಯೂ ಆಗಬಹುದು, ಬೇಸರವೂ ಆಗಬಹುದು. ಇಲ್ಲಿ ಶ್ರೀಧರ ‘ಛತ್ರಿ ಇದೆ, ಬರ್ಲಾ?’ ಎಂದಿದ್ದರೆ ಅವನು ಓದುಗರ ಒಲವನ್ನು ಕಳೆದುಕೊಳ್ಳುತ್ತಿದ್ದ. ಅವನು ಅದನ್ನು ನಿರಾಕರಣೆ ಎಂದೇ ತೆಗೆದುಕೊಂಡು ಹಿಂದೆ ಸರಿಯುತ್ತಾನೆ. ಆ ಹಿಂದೆ ಸರಿಯುವಿಕೆಯೇ ಅವಳಿಗೆ ಮುಂದಿನ ಹೆಜ್ಜೆಯಿಡುವ ಧೈರ್ಯ ಕೊಡುತ್ತದೆ. ನೆನಪಿಡಬೇಕಾದ ಕ್ರಮ ಇದು: ಒಬ್ಬರು ಒಂದು ಹೆಜ್ಜೆ ಮುಂದಿಟ್ಟ ಮೇಲೆ, ಎರಡನೆಯ ಹೆಜ್ಜೆ ಇನ್ನೊಬ್ಬರದಾಗಿರಬೇಕು. ಒಬ್ಬರೇ ಸಾಲಾಗಿ ಎರಡು ಹೆಜ್ಜೆ ಇಟ್ಟ ಕಡೆಯೆಲ್ಲ ಕರಡನ್ನು ತಿದ್ದಿ.

ಈಗ ಅವಳು ಬತ್ತಿ ಆರಿಸುತ್ತಾಳೆ. ಎದುರು ಕಿಟಕಿ ಇದ್ದಕ್ಕಿದ್ದಂತೆ ಕಪ್ಪಾದದ್ದನ್ನು ಅವನು ನೋಡುತ್ತಾನೆ.

> ‘ಆರೋಯ್ತಾ? ಬೆಂಕಿಪೊಟ್ಟಣ ಇದ್ಯಾ?’
> ‘ಇದೆ. ನಾನೇ ಆರಿಸಿದ್ದು.’
> ‘ಯಾಕೆ?’
> ‘ಗಾಜಲ್ಲಿ ಬರೀ ನನ್ನ ಮುಖಾನೇ ಕಾಣ್ತಿತ್ತು.’

ಇಲ್ಲಿ ಸಂದೇಶಗಳನ್ನು ನಿಲ್ಲಿಸಿ. ಅವನ ಉತ್ತರ ಮಾತಿನಲ್ಲಿ ಬರಬಾರದು. ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಜ್ವಾಲೆ ಆರದಂತೆ ನಿಧಾನವಾಗಿ ನಡೆದು, ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹತ್ತಿರ ನಿಲ್ಲುತ್ತಾನೆ. ಈ ಚಲನೆಗೆ ನಾಲ್ಕೈದು ವಾಕ್ಯ ಕೊಡಿ. ದೃಶ್ಯದಲ್ಲಿ ನೀವು ತಡೆದು ನಿಲ್ಲಬೇಕಾದ ಜಾಗ ಇದೊಂದೇ. ಮೇಣ ತಟ್ಟೆಯಂಚಿಗೆ ಹರಿದದ್ದು, ಅವನ ನೆರಳು ಅವನ ಹಿಂದಿನ ಗೋಡೆಯ ಮೇಲೆ ದೊಡ್ಡದಾಗಿ ಏರಿದ್ದು, ಕನ್ನಡಕದ ಎರಡು ಗಾಜುಗಳಲ್ಲಿ ಎರಡು ಜ್ವಾಲೆ ಕುಳಿತು ಕಣ್ಣುಗಳನ್ನು ಮುಚ್ಚಿಬಿಟ್ಟದ್ದು ಬರಲಿ. ಆಮೇಲೆ:

> ‘ಈಗ?’
> ‘ಎರಡು ದೀಪ ಕಾಣ್ತಿವೆ. ಕನ್ನಡಕ ತೆಗಿ’
> ‘ರಿ’
> ‘ಮೊದಲನೇದೇ ಇರಲಿ.’

ನಾವು ಕಾದಿರಿಸಿದ್ದ ಏಕವಚನ ಇಲ್ಲಿ ಬಂತು. ‘ತೆಗಿ’ ಎಂದು ಬರೆದು ಕಳಿಸಿಬಿಟ್ಟ ವಸುಧಾ ಗಾಬರಿಯಿಂದ ‘ರಿ’ಯನ್ನು ಹಿಂದೆಯೇ ಕಳಿಸುತ್ತಾಳೆ. ಅದು ಬೆರಳಿನ ತಪ್ಪೋ ಮನಸ್ಸಿನದೋ ಎಂದು ನೀವು ವಿವರಿಸಬೇಡಿ. ಅವನು ಕನ್ನಡಕ ತೆಗೆದನೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿ. ಒಂದು ಎಚ್ಚರಿಕೆ: ಇದಾದ ಮೇಲೆ ಇಬ್ಬರೂ ಧಾರಾಳವಾಗಿ ‘ನೀನು’ ಎನ್ನತೊಡಗಿದರೆ ಆ ‘ರಿ’ಯ ಬೆಲೆ ಹೋಗುತ್ತದೆ. ದೃಶ್ಯ ಮುಗಿಯುವವರೆಗೆ ಉಳಿದ ಸಂದೇಶಗಳು ಗುರುತಿಲ್ಲದ ವಾಕ್ಯಗಳಲ್ಲೇ ಇರಲಿ.

6. ಸಂದೇಶಗಳ ನಡುವಿನ ಕಾಲವನ್ನು ತುಂಬಿ

ಮೇಲಿನ ಸಂದೇಶಗಳನ್ನಷ್ಟೇ ಒಂದರ ಕೆಳಗೊಂದು ಇಟ್ಟರೆ ಅದು ನಾಟಕದ ಸಂಭಾಷಣೆಯಂತೆ ಓಡಿಹೋಗುತ್ತದೆ. ಎದುರಿಗೆ ಕುಳಿತು ಆಡುವ ಮಾತಿನಲ್ಲಿ ಇಲ್ಲದ ಒಂದು ಗುಣ ಸಂದೇಶಕ್ಕಿದೆ, ಅದು ಕಾಯುವಿಕೆ. ವಾಟ್ಸಾಪಿನಲ್ಲಿ ಒಂದು ಬೂದು ಗುರುತು ಎಂದರೆ ಸಂದೇಶ ನಿಮ್ಮ ಫೋನಿನಿಂದ ಹೊರಟಿದೆ, ಎರಡು ಬೂದು ಗುರುತು ಎಂದರೆ ಆಚೆಯ ಫೋನಿಗೆ ತಲುಪಿದೆ, ಎರಡೂ ನೀಲಿಯಾದರೆ ಓದಿದ್ದಾರೆ. ಓದಿದ ಗುರುತನ್ನು ಅವರು ನಿಲ್ಲಿಸಿಟ್ಟಿದ್ದರೆ ಮಾತ್ರ ನೀಲಿ ಬರುವುದಿಲ್ಲ. ಕರೆಂಟ್ ಹೋದಾಗ, ಯುಪಿಎಸ್ ಇಲ್ಲದ ಮನೆಗಳಲ್ಲಿ ವೈಫೈ ನಿಂತುಹೋಗಿ ಎಲ್ಲರೂ ಮೊಬೈಲ್ ಡೇಟಾಕ್ಕೆ ಬರುತ್ತಾರೆ. ಟವರ್‌ಗೆ ಬ್ಯಾಟರಿಯ ಅಥವಾ ಜನರೇಟರಿನ ಆಸರೆ ಇರುವುದರಿಂದ ಸಂದೇಶ ಹೋಗುತ್ತದೆ, ಆದರೆ ಕೆಲವೊಮ್ಮೆ ತಡವಾಗುತ್ತದೆ. ‘ಗಾಜಲ್ಲಿ ಬರೀ ನನ್ನ ಮುಖಾನೇ ಕಾಣ್ತಿತ್ತು’ ಎಂಬ ಸಾಲು ಒಂದೇ ಗುರುತಿನಲ್ಲಿ ಸಿಕ್ಕಿಕೊಂಡು ನಿಂತರೆ ಆ ಅರ್ಧ ನಿಮಿಷದಲ್ಲಿ ವಸುಧಾ ಅದನ್ನು ಅಳಿಸಿಬಿಡುವ ಯೋಚನೆ ಮಾಡಬಹುದು. ಅಳಿಸಿದರೂ ಅಳಿಸಿದ್ದೆಂಬ ಗುರುತು ಆಚೆಯವರಿಗೆ ಕಾಣುತ್ತದೆಂಬುದು ಅವಳಿಗೆ ಗೊತ್ತು.

ಆದರೂ ಈ ಗುರುತುಗಳನ್ನು ಇಡೀ ದೃಶ್ಯದಲ್ಲಿ ಒಮ್ಮೆ ಮಾತ್ರ, ಹೆಚ್ಚೆಂದರೆ ಎರಡು ಸಲ ಬಳಸಿ. ಪ್ರತಿ ಸಂದೇಶದ ಹಿಂದೆಯೂ ನೀಲಿ ಗುರುತು ನೋಡುತ್ತ ಕುಳಿತ ಪಾತ್ರ ಬೇಗ ಬೇಸರ ತರಿಸುತ್ತದೆ. ಮೊಬೈಲಿನ ಚಾರ್ಜ್ ಮುಗಿಯುವುದನ್ನೂ ನೆಚ್ಚಿಕೊಳ್ಳಬೇಡಿ. ಮಾತು ಬಿಸಿಯೇರುವ ಹೊತ್ತಿಗೆ ಸರಿಯಾಗಿ ಫೋನ್ ಸ್ತಬ್ಧವಾಗುವ ಕತೆಗಳನ್ನು ಓದುಗರು ಬೇಕಾದಷ್ಟು ಓದಿದ್ದಾರೆ.

ಉಳಿದ ಕಾಲವನ್ನು ಆ ಮನೆಯ ಕೆಲಸದಿಂದ ತುಂಬಿ. ವಸುಧಾಳ ಮುಂದೆ ಕಿರುಪರೀಕ್ಷೆಯ ಉತ್ತರಪತ್ರಿಕೆಗಳಿವೆ. ಅವಳು ಒಂದಕ್ಕೆ ಅಂಕ ಹಾಕಿ, ಮುಂದಿನದನ್ನು ತೆರೆದು, ದ್ಯುತಿಸಂಶ್ಲೇಷಣೆಯ ಬಗ್ಗೆ ಹುಡುಗನೊಬ್ಬ ಬರೆದದ್ದನ್ನು ಎರಡು ಸಲ ಓದಿಯೂ ತಲೆಗೆ ಹತ್ತಿಸಿಕೊಳ್ಳದೆ ಬದಿಗಿಡಬಹುದು. ಅವಳ ಗಮನ ಎಲ್ಲಿದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಈ ನಡುವೆ ಎಲ್ಲೋ ಒಂದು ಅರ್ಧ ವಾಕ್ಯದಲ್ಲಿ ಮಳೆ ನಿಂತದ್ದನ್ನು ಹೇಳಿಬಿಡಿ: ಸಜ್ಜಾದಿಂದ ಬೀಳುತ್ತಿದ್ದ ಧಾರೆ ಹನಿಯಾಗಿ ಮಾರ್ಪಟ್ಟಿದೆ ಎಂದಷ್ಟೇ. ಅದನ್ನು ಎತ್ತಿ ತೋರಿಸಬೇಡಿ. ಯಾವ ಪಾತ್ರವೂ ಆಗ ಅದರ ಬಗ್ಗೆ ಮಾತಾಡಕೂಡದು. ಅದರ ಉಪಯೋಗ ಮುಂದಿನ ಹಂತದಲ್ಲಿದೆ.

7. ಕರೆಂಟ್ ಬಂದ ಮೇಲೆ ಏನು

ಕರೆಂಟ್ ಬರುವುದು ನಮ್ಮ ಬೀದಿಗಳಲ್ಲಿ ಸದ್ದಿನ ಘಟನೆ. ಹೋಗುವಾಗ ಆರಿಸದೆ ಬಿಟ್ಟಿದ್ದ ಫ್ಯಾನು ತಿರುಗತೊಡಗುತ್ತದೆ, ಎಲ್ಲೋ ಟಿವಿ ಅರ್ಧ ವಾಕ್ಯದಿಂದ ಮಾತಾಡುತ್ತದೆ, ಮಕ್ಕಳು ಹೋ ಎನ್ನುತ್ತಾರೆ, ಟ್ಯೂಬ್‌ಲೈಟ್ ಎರಡು ಮೂರು ಸಲ ಮಿಟುಕಿ ಹತ್ತುತ್ತದೆ. ಫ್ಯಾನಿನ ಗಾಳಿಗೆ ಶ್ರೀಧರನ ಬತ್ತಿ ತಾನಾಗಿ ಆರುತ್ತದೆ. ಅದನ್ನು ಊದಿ ಆರಿಸುವ ಅವಕಾಶ ಅವನಿಗೆ ಸಿಗುವುದಿಲ್ಲ. ಒಳಗಿನಿಂದ ತಾಯಿ ‘ಬಂತೇನೋ?’ ಎನ್ನುತ್ತಾರೆ. ಆದರೆ ನಾವಿರುವುದು ವಸುಧಾಳ ಕೋಣೆಯಲ್ಲಿ. ಆ ದನಿ ಅವಳಿಗೆ ಕೇಳಿಸುವಂತಿಲ್ಲ. ಅವನು ತಟ್ಟನೆ ತಿರುಗಿ ಒಳಗೆ ನೋಡಿದ್ದು ಮಾತ್ರ ಅವಳಿಗೆ ಕಾಣುತ್ತದೆ.

ಇಲ್ಲಿ ಎಲ್ಲರ ಕೈಗೂ ಮೊದಲು ಸಿಗುವ ಮುಕ್ತಾಯವೊಂದಿದೆ: ಅವಳು ಎದ್ದುಹೋಗಿ ಸ್ವಿಚ್ ಆರಿಸಿ, ಕತ್ತಲೆಯನ್ನು ಮರಳಿ ತಂದುಕೊಳ್ಳುವುದು. ಅದನ್ನು ಬಿಟ್ಟುಬಿಡಿ. ಕತ್ತಲೆಯಲ್ಲಿ ಆಡಿದ್ದನ್ನು ಬೆಳಕಿನಲ್ಲಿಯೂ ಆಡಲಾಗುತ್ತದೆಯೇ ಎಂಬ ಪ್ರಶ್ನೆ ಈಗಷ್ಟೇ ಎದ್ದಿದೆ; ಸ್ವಿಚ್ ಆರಿಸಿದರೆ ಆ ಪ್ರಶ್ನೆಯಿಂದ ತಪ್ಪಿಸಿಕೊಂಡಂತಾಗುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಇಬ್ಬರ ಕೋಣೆಯೂ ಪೂರ್ತಿ ಕಾಣುತ್ತಿದೆ: ಮಡಿಸದ ಬಟ್ಟೆ, ಉತ್ತರಪತ್ರಿಕೆಯ ಗುಡ್ಡೆ, ಅವನ ಕೈಯಲ್ಲಿರುವ ಜಾಲರಿ ಸೌಟು. ಅದನ್ನೆಲ್ಲ ಕಾಣಿಸಿ, ಕೆಲವು ಕ್ಷಣ ಯಾರೂ ಏನೂ ಕಳಿಸದಂತೆ ಬಿಡಿ. ಆಮೇಲೆ ಅವನಿಂದ ಒಂದು ಸಂದೇಶ ಬರಲಿ:

> ‘ಮಳೆ ನಿಂತಿದೆ.’

ಹಿಂದೆ ಸರಿದಾಗ ಅವನು ಬಿಟ್ಟುಹೋಗಿದ್ದ ಮಾತನ್ನೇ ಮತ್ತೆ ಎತ್ತಿಕೊಂಡಿದ್ದಾನೆ, ಅದೂ ಬೆಳಕಿನಲ್ಲಿ. ಹಪ್ಪಳದ ಹೆಸರೆತ್ತಿಲ್ಲ, ಬರಲೇ ಎಂದು ಕೇಳಿಲ್ಲ. ಇದು ಬರೀ ಮಳೆಯ ಸುದ್ದಿಯೆಂದು ತೆಗೆದುಕೊಳ್ಳುವ ದಾರಿ ಅವಳಿಗೆ ತೆರೆದೇ ಇದೆ. ಅವಳ ಉತ್ತರ:

> ‘ನಿಂತು ಅರ್ಧ ಗಂಟೆ ಆಯ್ತು.’

ಅವಳು ಅಷ್ಟು ಹೊತ್ತಿನಿಂದ ಅದನ್ನು ಗಮನಿಸಿದ್ದಳು, ಹೇಳಿರಲಿಲ್ಲ ಎಂಬುದು ಓದುಗನಿಗೆ ಈಗ ತಿಳಿಯುತ್ತದೆ. ಸಜ್ಜಾದ ಹನಿಯ ಆ ಅರ್ಧ ವಾಕ್ಯವನ್ನು ನೀವು ಹಿಂದೆ ಇಟ್ಟಿದ್ದರೆ ಮಾತ್ರ ಈ ಸಾಲು ನಿಲ್ಲುತ್ತದೆ. ಇಲ್ಲದಿದ್ದರೆ ಅದು ಕೊನೆಗೆ ತಂದು ಅಂಟಿಸಿದ ಜಾಣತನದಂತೆ ಕಾಣುತ್ತದೆ. ದೃಶ್ಯ ಇಲ್ಲಿಗೆ ಮುಗಿಯಲಿ. ಅವನು ಬಂದನೇ, ಹಪ್ಪಳ ತಂದನೇ ಎಂಬುದು ಮುಂದಿನ ದೃಶ್ಯದ ಮಾತು.

8. ತಿದ್ದುವಾಗ

ಕರಡನ್ನು ಒಂದು ದಿನ ಬಿಟ್ಟು ಮೂರು ಸಲ ಓದಿ. ಮೊದಲ ಸಲ ಸಂದೇಶಗಳನ್ನಷ್ಟೇ ಬೇರೆ ಹಾಳೆಗೆ ಬರೆದುಕೊಂಡು, ಹೆಸರಿಲ್ಲದೆಯೂ ಯಾವುದು ಯಾರದೆಂದು ಗೊತ್ತಾಗುತ್ತದೆಯೇ ನೋಡಿ. ನಮ್ಮ ದೃಶ್ಯದಲ್ಲಿ ಅವನು ಸಲೀಸಾಗಿ ಸುಳ್ಳು ಹೇಳಿ ನಗಿಸುವವನು, ಅವಳು ನಿಜವನ್ನೇ ಓರೆಯಾಗಿ ಹೇಳುವವಳು. ಈ ವ್ಯತ್ಯಾಸ ಅಳಿಸಿಹೋದ ಕಡೆ ಒಬ್ಬರೇ ಎರಡೂ ಮನೆಯಿಂದ ಮಾತಾಡುತ್ತಿರುವಂತೆ ಕೇಳಿಸುತ್ತದೆ. ಎರಡನೆಯ ಸಲ ಕ್ರಿಯಾಪದದ ತುದಿಗಳನ್ನು ಮಾತ್ರ ನೋಡುತ್ತ ಹೋಗಿ. ಏಕವಚನ ಒಂದಕ್ಕಿಂತ ಹೆಚ್ಚು ಕಡೆ ಸಿಕ್ಕಿದರೆ ಉಳಿದವನ್ನು ತಿದ್ದಿ.

ಮೂರನೆಯ ಸಲ, ಸಂದೇಶಗಳನ್ನು ಆ ತಾಯಿಯೋ ವಸುಧಾಳ ಮನೆಯೊಡೆಯರೋ ಗಟ್ಟಿಯಾಗಿ ಓದಿದರೆಂದು ಊಹಿಸಿಕೊಳ್ಳಿ. ಮಳೆ, ಹಪ್ಪಳ, ಬೆಂಕಿಪೊಟ್ಟಣ, ಕನ್ನಡಕ. ಹಿಡಿದು ತೋರಿಸಬಹುದಾದ ತಪ್ಪು ಒಂದೂ ಸಿಗಬಾರದು, ಆದರೂ ಅವರಿಗೆ ಏನೋ ಅನುಮಾನ ಬರಬೇಕು. ಯಾವ ಸಾಲಿನಲ್ಲಿ ಅವರು ನಿಂತು ಕನ್ನಡಕ ಸರಿಪಡಿಸಿಕೊಳ್ಳುತ್ತಾರೆಂದು ನಿಮಗೆ ಅನ್ನಿಸುತ್ತದೆಯೋ ಆ ಸಾಲನ್ನು ಮುಟ್ಟಬೇಡಿ. ಯಾವ ಸಾಲನ್ನು ಅವರು ಏನೂ ಅನ್ನಿಸದೆ ದಾಟಿಹೋಗುತ್ತಾರೋ ಅಥವಾ ಯಾವ ಸಾಲಿಗೆ ಸಿಟ್ಟಿಗೇಳುತ್ತಾರೋ, ಅವೆರಡನ್ನೂ ಮತ್ತೊಮ್ಮೆ ಬರೆಯಿರಿ.